ರಾಯರ ಕಣ್ಣಿನ ಚೀಟಿಗಳು

ಭಾನುವಾರ ತಿಂಡಿ ಮುಗಿದ ಮೇಲೆ ಕೆಲವರು ಪದಬಂಧ ಹಿಡಿದು ಕೂರುತ್ತಾರೆ. ನನಗೆ ಕಣ್ಣಾಸ್ಪತ್ರೆಯ ಚೀಟಿ ಸಿಕ್ಕರೆ ಸಾಕು. ಭದ್ರಾವತಿಯ ನಮ್ಮ ಹೊಸಮನೆ ಬಡಾವಣೆಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದವರ ಮನೆಗಳಿರುವುದರಿಂದ ಅದಕ್ಕೆ ಬರವಿಲ್ಲ. ಪಕ್ಕದ ಮನೆ ರಾಯರ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ತುಂಬ ಇವೆ: ಊರಿನವು ಕೆಲವು, ಶಿವಮೊಗ್ಗದವು ಕೆಲವು.

ಅವನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡುತ್ತೇನೆ. ಒಂದು ಭೇಟಿಗೆ ಎರಡು ಸಾಲು, ಮೇಲೆ ಬಲಗಣ್ಣು, ಕೆಳಗೆ ಎಡಗಣ್ಣು. ಡಾಕ್ಟರು ಎದುರಿಗೆ ಕೂತು ನೋಡಿದಂತೆಯೇ ಬರೆಯುತ್ತಾರಾದ್ದರಿಂದ ಅಕ್ಕಪಕ್ಕ ಬರೆದ ಚೀಟಿಯಲ್ಲಿ ಬಲಗಣ್ಣು ಸಾಮಾನ್ಯವಾಗಿ ಹಾಳೆಯ ಎಡಕ್ಕಿರುತ್ತದೆ. ಅದನ್ನು ಮರೆತರೆ ಪಟ್ಟಿಯೆಲ್ಲ ತಿರುಗುಮುರುಗು.

ದೃಷ್ಟಿಗೆ ಒಂದೇ ಕಾಲಂ ಸಾಲದು. ರಾಯರ ಬಲಗಣ್ಣಿಗೆ ಒಂದು ಕಡೆ 6/24, ಇನ್ನೊಂದು ಕಡೆ 6/9 ಎಂದಿತ್ತು. ಮೊದಲಿನದು ಬರಿಗಣ್ಣಿನದು, ಎರಡನೆಯದು ಕನ್ನಡಕ ಹಾಕಿದ್ದು. ಎರಡನ್ನೂ ಒಂದೇ ಕಾಲಂನಲ್ಲಿ ಸುರಿದರೆ ಕಣ್ಣು ತಾನಾಗಿ ಗುಣವಾಯಿತೆಂದೇ ಅನ್ನಿಸುತ್ತದೆ.

ನನಗೆ ನಿಜವಾದ ರುಚಿ ಪವರ್‌ನಲ್ಲಿ. ಹಳೆಯ ಚೀಟಿಯಲ್ಲಿ ಬಲಗಣ್ಣಿಗೆ −1.00, ಸಿಲಿಂಡರ್ −0.75, ಆಕ್ಸಿಸ್ 90. ಹೊಸದರಲ್ಲಿ −1.75, +0.75, 180. "ನೋಡಿ, ಮುಕ್ಕಾಲು ಪಾಯಿಂಟ್ ಏರಿಬಿಟ್ಟಿದೆ" ಎಂದು ರಾಯರು ಕಳವಳಪಟ್ಟರು. ನಾನು ಪೆನ್ಸಿಲ್ ತೆಗೆದೆ. ಮೊದಲ ಅಂಕಿಗೆ ಸಿಲಿಂಡರನ್ನು ಕೂಡಬೇಕು, ಹೊಸದರಲ್ಲಿ −1.75ಕ್ಕೆ +0.75 ಸೇರಿ −1.00 ಬಂತು. ಸಿಲಿಂಡರಿನ ಚಿಹ್ನೆ ತಿರುಗಿಸಿದರೆ −0.75. ಆಕ್ಸಿಸ್ 180ರಲ್ಲಿ 90 ಕಳೆದರೆ 90. ಹಳೆಯ ಚೀಟಿಯೇ! ಒಬ್ಬರು ಮೈನಸ್ ಸಿಲಿಂಡರಿನಲ್ಲಿ ಬರೆದಿದ್ದಾರೆ, ಇನ್ನೊಬ್ಬರು ಪ್ಲಸ್‌ನಲ್ಲಿ. ಗಾಜು ಮಾತ್ರ ಅದೇ. ಅದಕ್ಕೇ ನನ್ನ ಪಟ್ಟಿಯಲ್ಲಿ ಎಲ್ಲವನ್ನೂ ಮೈನಸ್‌ಗೇ ತಿರುಗಿಸಿಡುತ್ತೇನೆ, ಮೂಲದ ಬರಹವನ್ನು ಪಕ್ಕದಲ್ಲಿ ಹಾಗೇ ಬಿಡುತ್ತೇನೆ.

ಎಡಗಣ್ಣಿನ ಕಥೆ ಬೇರೆ. ಅಲ್ಲಿ ಸಿಲಿಂಡರ್ ಇಲ್ಲ, −1.25 ಇದ್ದದ್ದು −1.75 ಆಗಿದೆ. ಇದು ನಿಜವಾದ ಏರಿಕೆ. ಪೊರೆ ಬೆಳೆಯುವಾಗ ಮೈನಸ್ ಹೀಗೆ ಏರುವುದುಂಟು. ಆದರೆ ಕಾರಣ ಹೇಳುವುದು ಡಾಕ್ಟರ ಕೆಲಸ.

ಒತ್ತಡದ ಕಾಲಂನಲ್ಲಿ ಮಾತ್ರ ನಾನು ಜಿಪುಣ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸ ಎನ್ನುತ್ತಾರೆ. ರಾಯರ ಎಡಗಣ್ಣಿಗೆ ಒಮ್ಮೆ 17, ಇನ್ನೊಮ್ಮೆ 21. ಆದರೆ 17 ಕಣ್ಣಿಗೆ ಹನಿ ಹಾಕಿ ಮುಟ್ಟಿ ಅಳೆದದ್ದು, 21 ಗಾಳಿ ಊದುವ ಯಂತ್ರದ್ದು. ಯಂತ್ರ ಬೇರೆಯಾದರೆ ಅಂಕಿಯೂ ಬೇರೆ ಬರಬಹುದು, ದಿನದ ಹೊತ್ತಿನ ಮೇಲೂ ಏರಿಳಿಯುತ್ತದೆ. ಆದ್ದರಿಂದ ಪಕ್ಕದಲ್ಲಿ ಯಂತ್ರ ಮತ್ತು ಸಮಯ ಎಂಬ ಎರಡು ಸಣ್ಣ ಮನೆಗಳು. ಅಳೆಯದೇ ಬಿಟ್ಟ ಕಡೆ ಸೊನ್ನೆ ಬರೆಯುವುದಿಲ್ಲ, ಖಾಲಿ ಬಿಡುತ್ತೇನೆ.

ಮುಂದಿನ ಸಲ ರಾಯರು ಡಾಕ್ಟರ ಬಳಿ ಹೋಗುವಾಗ ಆ ಹಾಳೆಯ ಜೊತೆ ಚೀಟಿಗಳೂ ಹೋಗುತ್ತವೆ. 21ರ ಮುಂದಿನ ಸಮಯದ ಮನೆ ಖಾಲಿ ಇದೆ; ಅದನ್ನು ಕೆಂಪು ಪೆನ್ನಿನಲ್ಲಿ ಸುತ್ತಿಟ್ಟಿದ್ದೇನೆ, ಮುಟ್ಟಿ ಅಳೆಯುವ ಯಂತ್ರದಲ್ಲೇ ಇನ್ನೊಮ್ಮೆ ನೋಡಬಹುದೇ ಎಂದು ಅವರೇ ಕೇಳಲಿ ಅಂತ.