ಇನ್ನೂರು ಮೈಕ್ರಾನ್

ಚಿಂಚವಾಡದ ನಮ್ಮ ಸೊಸೈಟಿಯ ತೋಟದಲ್ಲೊಂದು ನೈದಿಲೆ ತೊಟ್ಟಿ ಇದೆ. ಮೊಣಕಾಲುದ್ದ ನೀರು, ನಾಲ್ಕಾರು ಬಳ್ಳಿ, ಸೊಳ್ಳೆಮರಿ ತಿನ್ನಲೆಂದು ಬಿಟ್ಟ ಗಪ್ಪಿ ಮೀನುಗಳು. 2025ರ ಸೆಪ್ಟೆಂಬರಿನ ಒಂದು ಸಂಜೆ ಆ ತೊಟ್ಟಿಯ ನೀರಿನ ಫೋಟೊ ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿಗೆ ಬಂತು. ಬಿ ವಿಂಗಿನ ಹತ್ತನೇ ಕ್ಲಾಸಿನ ಹುಡುಗನೊಬ್ಬ ತನ್ನ ಮೈಕ್ರೋಸ್ಕೋಪಿಗೆ ಮೊಬೈಲ್ ಹಿಡಿದು ತೆಗೆದದ್ದು. ಬೂದು ಬಣ್ಣದ, ಅಂಚು ಅಲ್ಲಲ್ಲಿ ಗುಳ್ಳೆಯಂತೆ ಉಬ್ಬಿದ, ಆಕಾರಗೆಟ್ಟ ಒಂದು ಮುದ್ದೆ. ಸುತ್ತ ಒಂದಿಷ್ಟು ಹಸಿರು. ಯಾರೋ ಕೆಳಗೆ ಬರೆದರು: "ಅಮೀಬಾ." ಇನ್ನೊಬ್ಬರು ಅದಕ್ಕೆ "ಮೆದುಳು ತಿನ್ನುವ" ಎಂಬ ವಿಶೇಷಣ ಸೇರಿಸಿದರು. ಕೇರಳದ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿದ್ದ ತಿಂಗಳು ಅದು. ಅದೇ ವರ್ಷದ ಜನವರಿಯಲ್ಲಿ ಪುಣೆಯಲ್ಲಿ ಜಿಬಿಎಸ್ ಹಬ್ಬಿ, ನೀರೆಂದರೆ ಹೆದರುವುದನ್ನು ನಾವೆಲ್ಲ ಆಗಲೇ ಕಲಿತಿದ್ದೆವು.

ರಾತ್ರಿ ಒಂಬತ್ತರ ಹೊತ್ತಿಗೆ ಎರಡು ಸಂಗತಿ ನಡೆದವು. ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿಯಬೇಕೆಂದು ಕಮಿಟಿ ತೀರ್ಮಾನಿಸಿತು. ನಮ್ಮ ಎದುರು ಮನೆಯ ಹೆಣ್ಣುಮಗಳು ಬಾಗಿಲು ಬಡಿದಳು. ಅವಳ ಆರು ವರ್ಷದ ಮಗ ಭಾನುವಾರ ಆ ತೊಟ್ಟಿಯಲ್ಲಿ ಮೀನು ಹಿಡಿಯುತ್ತಿದ್ದ, ಈಗ ಅವನಿಗೆ ಜ್ವರ. "ದಾದಾ, ನಿಮ್ಮ ಮನೆಯಲ್ಲೂ ಆ ಯಂತ್ರ ಇದೆಯಲ್ಲ, ಇದೇನು ನೋಡಿ ಹೇಳಿ" ಎಂದು ಮರಾಠಿಯಲ್ಲಿ ಕೇಳಿದಳು. ಲಾಕ್‌ಡೌನ್ ಕಾಲದಲ್ಲಿ ಕೊಂಡ ಮೈಕ್ರೋಸ್ಕೋಪೊಂದು ನಮ್ಮಲ್ಲಿದೆ. ಅಂದಿನಿಂದ ರವಿವಾರದ ಬೆಳಗುಗಳಲ್ಲಿ ನಾನೂ ಮಗಳೂ ಪವನಾ ನದಿಯ ನೀರನ್ನೋ ಕುಂಡದ ತಟ್ಟೆಯ ನೀರನ್ನೋ ನೋಡುತ್ತ ಕೂರುತ್ತೇವೆ.

ಅವಳಿಗೆ ಮೊದಲು ಹೇಳಿದ್ದು ಇಷ್ಟೇ. ಫೋಟೊ ನೋಡಿ ಮಗುವಿನ ಜ್ವರದ ಬಗ್ಗೆ ಯಾರೂ ಏನೂ ಹೇಳಲಾರರು. ಡಾಕ್ಟರ ಬಳಿಗೆ ಈಗಲೇ ಹೋಗು, ನೀರಲ್ಲಿ ಆಡಿದ್ದನ್ನೂ, ಮೂಗಿಗೆ ನೀರು ಹೋಗಿತ್ತೋ ಇಲ್ಲವೋ ಎಂಬುದನ್ನೂ ತಪ್ಪದೆ ಹೇಳು. ಆ ಅಮೀಬಾ, ಅಂದರೆ ನೇಗ್ಲೀರಿಯಾ ಫೌಲೆರಿ, ಹೊಟ್ಟೆಯ ದಾರಿಯಲ್ಲಿ ಬರುವುದಲ್ಲ. ಮೂಗಿನಿಂದ ಮೆದುಳಿಗೆ ಏರುವುದು. ಹುಡುಗ ಮುಳುಗಿರಲಿಲ್ಲ, ಮೊಣಕೈವರೆಗೆ ಕೈ ಅದ್ದಿದ್ದನಷ್ಟೆ. ಅವರು ಡಾಕ್ಟರ ಬಳಿಗೆ ಹೋದರು. ನಾನು ಮಗಳನ್ನು ಕರೆದುಕೊಂಡು ಬಿ ವಿಂಗಿಗೆ ಹೋದೆ.

ಆಫೀಸಿನಲ್ಲಿ ಯಾರಾದರೂ ಕತ್ತರಿಸಿದ ಸ್ಕ್ರೀನ್‌ಶಾಟ್ ಕಳಿಸಿ "ಬಗ್ ಇದೆ" ಎಂದರೆ ನಾವು ಮೊದಲು ಕೇಳುವುದು ಪೂರ್ತಿ ಪರದೆ. ಇಲ್ಲೂ ಅದೇ ಆಗಿತ್ತು. ಗುಂಪಿಗೆ ಬಂದದ್ದು ಮುದ್ದೆಯನ್ನಷ್ಟೇ ಉಳಿಸಿಕೊಂಡ ತುಂಡು. ಅದರಲ್ಲಿ ಅಳತೆಯೇ ಇರಲಿಲ್ಲ. ಅಳತೆಯಿಲ್ಲದ ಸೂಕ್ಷ್ಮಚಿತ್ರದಲ್ಲಿ ಆನೆಯೂ ಇರುವೆಯೂ ಒಂದೇ ಗಾತ್ರ. ಹುಡುಗನ ಮೊಬೈಲಿನಲ್ಲಿ ಮೂಲ ಫೋಟೊ ಇತ್ತು: ಕಪ್ಪು ಹಿನ್ನೆಲೆಯ ನಡುವೆ ಬೆಳಕಿನ ದುಂಡು ವೃತ್ತ, ಅದರೊಳಗೆ ಎಲ್ಲವೂ. ಆ ವೃತ್ತವೇ ನಮಗೆ ಬೇಕಾದ ಅಳತೆಗೋಲು.

ಲೆಕ್ಕ ಕಷ್ಟದ್ದೇನಲ್ಲ. ಅವನ ಮೈಕ್ರೋಸ್ಕೋಪಿನ ಕಣ್ಣಿನ ಮಸೂರದ ಮೇಲೆ 10X/18 ಎಂದು ಕೆತ್ತಿತ್ತು. ಆ 18ನ್ನು ಕೆಳಗಿನ ಮಸೂರದ ವರ್ಧನೆಯಿಂದ ಭಾಗಿಸಿದರೆ ಕಾಣುವ ವೃತ್ತದ ಅಗಲ ಮಿಲಿಮೀಟರಿನಲ್ಲಿ ಸಿಗುತ್ತದೆ. ಅವನು ಕೆಳಗೆ ಬಳಸಿದ್ದು 10ರ ಮಸೂರ, ಹಾಗಾಗಿ ವೃತ್ತದ ಅಗಲ 1.8 ಮಿಲಿಮೀಟರ್. ಕೆತ್ತಿದ ಅಂಕಿಯನ್ನು ಕುರುಡಾಗಿ ನಂಬುವುದು ಬೇಡವೆಂದು ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಸ್ಲೈಡಿನ ಜಾಗದಲ್ಲಿಟ್ಟು ನೋಡಿದೆವು. ಒಂದು ಪೂರ್ತಿ ಮಿಲಿಮೀಟರ್, ಅದರ ಪಕ್ಕದ್ದರಲ್ಲಿ ಮುಕ್ಕಾಲಿಗಿಂತ ತುಸು ಹೆಚ್ಚು ಕಂಡಿತು. ಸರಿಹೊಂದಿತು. ಫೋಟೊದಲ್ಲಿ ವೃತ್ತ ಅಡ್ಡಲಾಗಿ 1500 ಪಿಕ್ಸೆಲ್ ಇತ್ತು. 1.8 ಮಿಲಿಮೀಟರ್ ಎಂದರೆ 1800 ಮೈಕ್ರಾನ್. ಒಂದು ಪಿಕ್ಸೆಲ್ಲಿಗೆ 1.2 ಮೈಕ್ರಾನ್. ಮುದ್ದೆಯ ಉದ್ದ 170 ಪಿಕ್ಸೆಲ್. ಅಂದರೆ ಸುಮಾರು 200 ಮೈಕ್ರಾನ್, ಮಿಲಿಮೀಟರಿನ ಐದನೇ ಒಂದು ಭಾಗ.

ನೇಗ್ಲೀರಿಯಾ ತೆವಳುವ ರೂಪದಲ್ಲಿದ್ದಾಗ ಹತ್ತಿಪ್ಪತ್ತು ಮೈಕ್ರಾನ್, ಹೆಚ್ಚೆಂದರೆ ಅದಕ್ಕಿಂತ ತುಸು ದೊಡ್ಡದು. ಈ ಫೋಟೊದಲ್ಲಿ ಅದು ಹದಿನೈದು ಪಿಕ್ಸೆಲ್ಲಿನ ಚುಕ್ಕೆಯಾಗಿ ಕಾಣಬೇಕಿತ್ತು. ಮುದ್ದೆ ಅದರ ಹತ್ತು ಪಟ್ಟು ಉದ್ದ. ಆಕಾರ ನೋಡಿ ಇದನ್ನು ಹೇಳಲಾಗುತ್ತಿರಲಿಲ್ಲ. ನೇಗ್ಲೀರಿಯಾ ಕೂಡ ಅಂಚಿನಲ್ಲಿ ದುಂಡು ಗುಳ್ಳೆ ಉಬ್ಬಿಸಿಯೇ ಮುಂದೆ ಸರಿಯುತ್ತದೆ. ಆಕಾರ ದಾರಿ ತಪ್ಪಿಸುವಲ್ಲಿ ಗಾತ್ರ ದಾರಿಗೆ ತಂದಿತು.

ಹಾಗಾದರೆ ಅದೇನು? ಉತ್ತರಕ್ಕೆ ಮೊದಲು ಉಳಿದದ್ದನ್ನು ಬದಿಗೆ ಸರಿಸಬೇಕಿತ್ತು. ದಪ್ಪ ಕಪ್ಪು ಅಂಚಿನ, ನಡುವೆ ಹೊಳೆಯುವ, ಕೈವಾರದಲ್ಲಿ ಬರೆದಂಥ ದುಂಡು ಮೂರಿದ್ದವು. ಅವು ಗಾಳಿಗುಳ್ಳೆ. ಗಾಳಿಯಲ್ಲೂ ನೀರಿನಲ್ಲೂ ಬೆಳಕು ಬಾಗುವ ಬಗೆ ಬೇರೆ, ಅದಕ್ಕೇ ಅಂಚು ಅಷ್ಟು ಕಪ್ಪು; ಜೀವಿಗಳಲ್ಲಿ ಅಂಥ ಅಂಚು ಅಪರೂಪ. ಒಂದು ಕಡೆ ಒತ್ತಾಗಿ ಜೋಡಿಸಿದ ಕೋಶಗಳ ಹಾಳೆ, ಅದರ ನಡುನಡುವೆ ಎದುರುಬದುರಾಗಿ ಕೂತ ಎರಡು ಹುರುಳಿಕಾಳಿನಂಥ ಜೋಡಿಗಳು. ಅವು ಪತ್ರರಂಧ್ರಗಳು, ಎಲೆ ಉಸಿರಾಡುವ ಬಾಯಿ. ನೈದಿಲೆಯ ತೇಲುವ ಎಲೆಗೆ ಇವು ಇರುವುದು ಮೇಲ್ಮೈಯಲ್ಲಿ. ಅಂದರೆ ಅದು ಕೊಳೆತ ಎಲೆಯ ಮೇಲುಸಿಪ್ಪೆ. ಇನ್ನೊಂದು ಕಡೆ ಕವಲೊಡೆಯದ ಹಸಿರು ಎಳೆ, ಒಳಗೆ ಸ್ಪ್ರಿಂಗಿನಂತೆ ಸುತ್ತಿದ ಹಸಿರು ಪಟ್ಟಿ. ಅದು ಸ್ಪೈರೋಗೈರಾ ಪಾಚಿ. ಗಿಡದ ಕೋಶದಲ್ಲಿ ಹಸಿರು ಸಣ್ಣ ಸಣ್ಣ ಕಾಳಾಗಿ ಹರಡಿರುತ್ತದೆ. ಇದರಲ್ಲಿ ಪಟ್ಟಿಯಾಗಿ ಸುತ್ತಿಕೊಂಡಿರುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಕೊಳದ ನೀರಿನ ಅರ್ಧ ಗೊಂದಲ ಮುಗಿಯುತ್ತದೆ.

ಆಮೇಲೆ ಮಗಳ ಕಣ್ಣಿಗೆ ಬಿದ್ದದ್ದು ಫೋಟೊದ ಎಡ ಮೂಲೆ. ಅಲ್ಲೊಂದು ಬಾಗಿದ ಕಪ್ಪು ಗೆರೆ, ಅದರಾಚೆ ಏನೂ ಇಲ್ಲದ ಬಯಲು. "ಅಪ್ಪಾ, ನೀರು ಒಣಗಾಕತ್ತೈತಿ ನೋಡು" ಅಂದಳು. ನಿಜ. ದೀಪದ ಬಿಸಿಗೆ ಸ್ಲೈಡಿನ ನೀರು ಆರಿ, ಮೇಲಿನ ತೆಳುಗಾಜು ಕೆಳಗೆ ಕೂತು, ನಡುವಿನ ಜೀವಿಯನ್ನು ಅಪ್ಪಚ್ಚಿ ಮಾಡುತ್ತಿತ್ತು. ಮುದ್ದೆ ಹುಟ್ಟಿನಿಂದ ಮುದ್ದೆಯಾಗಿರದೆ ಸಾಯುತ್ತ ಮುದ್ದೆಯಾಗಿರಬಹುದು.

ಇದನ್ನು ಊಹೆಯಾಗಿಯೇ ಬಿಡುವ ಅಗತ್ಯವಿರಲಿಲ್ಲ, ತೊಟ್ಟಿ ಕೆಳಗೇ ಇತ್ತು. ಟಾರ್ಚ್ ಹಿಡಿದು ಹೋಗಿ, ಕೊಳೆತ ಎಲೆ ಇರುವಲ್ಲಿಂದ ಡ್ರಾಪರಿನಲ್ಲಿ ನೀರು ತಂದೆವು. ಎರಡು ಸ್ಲೈಡ್ ಮಾಡಿದೆವು. ಒಂದರಲ್ಲಿ ಹನಿಯ ಜೊತೆ ನಾಲ್ಕೆಳೆ ಹತ್ತಿ ಹಾಕಿ, ಗಾಜಿನ ಅಂಚಿಗೆ ವ್ಯಾಸಲೀನ್ ಸವರಿದೆವು. ನೀರು ಆರದಿರಲೆಂದು ವ್ಯಾಸಲೀನ್, ಓಡುವವು ಎಳೆಗಳ ನಡುವೆ ಸಿಕ್ಕಿ ನಿಲ್ಲಲೆಂದು ಹತ್ತಿ. ಇನ್ನೊಂದನ್ನು ಹುಡುಗ ಮಾಡಿದ್ದಂತೆಯೇ ಬರಿದೆ ಬಿಟ್ಟೆವು.

ಮೊದಲ ಸ್ಲೈಡಿನಲ್ಲಿ ಚಪ್ಪಲಿಯ ಅಟ್ಟೆಯಾಕಾರದ ಜೀವಿಗಳು ಮೈ ತಿರುಗಿಸುತ್ತ ಈಜುತ್ತಿದ್ದವು. ಅಳೆದರೆ ಅವೂ ಇನ್ನೂರರ ಆಸುಪಾಸು. ಒಂದು ಹತ್ತಿಯ ಎಳೆಗಳ ನಡುವೆ ತಡೆದು ನಿಂತಾಗ 40ರ ಮಸೂರ ತಿರುಗಿಸಿದೆವು. ಮಗಳು ಕಣ್ಣಿಟ್ಟವಳು ತೆಗೆಯಲೇ ಇಲ್ಲ. "ಮೈ ತುಂಬ ಕೂದ್ಲ ಅದಾವ, ಜೋಳದ ಹೊಲಕ್ಕ ಗಾಳಿ ಬೀಸಿಧಂಗ ಕಾಣತಾವ." ಆ ಕೂದಲುಗಳೇ ಸೀಲಿಯಾ. ಮೈಯ ಎರಡು ತುದಿಗಳ ಬಳಿ ಒಂದೊಂದು ನಕ್ಷತ್ರ ಅರಳಿ, ಗುಂಡಗಾಗಿ, ಫಕ್ಕನೆ ಮಾಯವಾಗಿ ಮತ್ತೆ ಅರಳುತ್ತಿತ್ತು. ಒಳನುಗ್ಗುವ ನೀರನ್ನು ಹೊರಹಾಕುವ ಪಂಪು ಅದು. ಅಟ್ಟೆಯ ಆಕಾರ, ಕೂದಲು, ನಕ್ಷತ್ರ: ಈ ಮೂರೂ ಕೂಡಿದರೆ ಪ್ಯಾರಮೀಸಿಯಂ.

ಆದರೆ ಫೋಟೊದ ಮುದ್ದೆಯೂ ಇದೇ ಎಂದು ಹೇಗೆ ಹೇಳುವುದು? ಅದಕ್ಕೇ ಇದ್ದದ್ದು ಎರಡನೇ ಸ್ಲೈಡ್. ದೀಪ ಉರಿಯಲು ಬಿಟ್ಟು, ಹುಡುಗನ ತಾಯಿ ಕೊಟ್ಟ ಚಹಾ ಕುಡಿದೆವು. ಕಾಲು ಗಂಟೆ ಕಳೆಯುವಷ್ಟರಲ್ಲಿ ಮೂಲೆಯಿಂದ ಕಪ್ಪು ಗೆರೆ ಒಳಸರಿಯಿತು. ಅಲ್ಲಿದ್ದ ಪ್ಯಾರಮೀಸಿಯಂ ನಿಧಾನವಾಯಿತು, ಅಗಲವಾಯಿತು. ಅಂಚಿನಲ್ಲಿ ಒಂದು ತಿಳಿಗುಳ್ಳೆ ಉಬ್ಬಿತು, ಮತ್ತೊಂದು ಉಬ್ಬಿತು. ನಾವು ಫೋಟೊ ತೆಗೆದು ಪಕ್ಕಪಕ್ಕ ಇಟ್ಟೆವು. ಅದೇ ಬೂದು, ಅದೇ ಗುಳ್ಳೆಯಂಚು. ಸ್ವಲ್ಪ ಹೊತ್ತಿಗೆ ಅದು ಒಡೆದು ಕಾಳುಕಾಳಾಗಿ ಚೆಲ್ಲಿತು. ಬಗ್ ರಿಪ್ರೊಡ್ಯೂಸ್ ಆದ ಸಮಾಧಾನವನ್ನು ಆ ಜೀವಿಯ ಸಾವಿನಲ್ಲಿ ಪಡೆದದ್ದಕ್ಕೆ ಮಗಳು ನನ್ನನ್ನು ತುಸು ವಿಚಿತ್ರವಾಗಿ ನೋಡಿದಳು.

ಗುಂಪಿನಲ್ಲಿ ಎರಡೂ ಫೋಟೊ ಹಾಕಿ ಬರೆದೆ: ಇದು ಪ್ಯಾರಮೀಸಿಯಂ, ನಿಂತ ನೀರಲ್ಲೆಲ್ಲ ಇರುವುದು, ರೋಗ ತರುವುದಲ್ಲ. ಕೂಡಲೇ ಒಬ್ಬರು "ಹಾಗಾದರೆ ನೀರು ಸೇಫ್" ಎಂದು ಹೆಬ್ಬೆರಳೆತ್ತಿದರು. ನನಗೆ ಮೊದಲ ಹೆದರಿಕೆಗಿಂತ ಈ ನೆಮ್ಮದಿಯೇ ಹೆಚ್ಚು ಅಪಾಯವೆನಿಸಿತು. ಫೋಟೊ ಹೇಳಿದ್ದು ಈ ಮುದ್ದೆ ನೇಗ್ಲೀರಿಯಾ ಅಲ್ಲ ಎಂದಷ್ಟೆ. ಹದಿನೈದು ಮೈಕ್ರಾನಿನ ಬಣ್ಣವಿಲ್ಲದ ಚುಕ್ಕೆಗಳು ಅದೇ ಫೋಟೊದಲ್ಲಿ ಹತ್ತಾರು ಇದ್ದವು. ಅವು ಪಾಚಿಯ ಬೀಜಕಗಳೋ, ಮಣ್ಣಿನ ಕಣಗಳೋ, ನಿರುಪದ್ರವಿ ಅಮೀಬಾಗಳೋ ನಾನು ಹೇಳಲಾರೆ. ನೇಗ್ಲೀರಿಯಾವನ್ನು ಅದರ ನಿರುಪದ್ರವಿ ಬಂಧುಗಳಿಂದ ಬೇರ್ಪಡಿಸಲು ಲ್ಯಾಬಿನಲ್ಲಿ ಬೆಳೆಸಬೇಕು, ಪಿಸಿಆರ್ ಮಾಡಬೇಕು. ಜನವರಿಯ ಜಿಬಿಎಸ್ ರೋಗಿಗಳಲ್ಲಿ ಕೆಲವರ ಮಲದಲ್ಲಿ ಕಂಡ ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾದ ದಪ್ಪ ಅರ್ಧ ಮೈಕ್ರಾನ್ ಕೂಡ ಇಲ್ಲ. ಈ ಫೋಟೊದಲ್ಲಿ ಅದಕ್ಕೆ ಅರ್ಧ ಪಿಕ್ಸೆಲ್ಲೂ ಸಿಗುವುದಿಲ್ಲ. ಇದನ್ನೆಲ್ಲ ಬರೆದೆ. ಹೆಬ್ಬೆರಳುಗಳು ಕಡಿಮೆಯಾದವು.

ಹುಡುಗನ ಜ್ವರ ಮೂರನೇ ದಿನ ಇಳಿಯಿತು. ಬ್ಲೀಚಿಂಗ್ ಪೌಡರ್ ಸುರಿದರೆ ಗಪ್ಪಿಗಳು ಸತ್ತು ಸೊಳ್ಳೆ ಹೆಚ್ಚುತ್ತವೆ, ಡೆಂಗಿ ಕಾಲ ಇದು ಎಂಬ ಮಾತು ಕಮಿಟಿಗೆ ಹಿಡಿಸಿತು. ತೊಟ್ಟಿಗೆ ಜಾಳಿಗೆ ಬಂತು.

ಮೂಲ ಫೋಟೊದಲ್ಲಿ ನನಗೆ ಇನ್ನೂ ಬಗೆಹರಿಯದ್ದೊಂದು ಉಳಿದಿದೆ. ಸ್ಪೈರೋಗೈರಾದ ಪಕ್ಕ ಜೇನು ಬಣ್ಣದ ಪುಟ್ಟ ದೋಣಿ, ಎರಡೂ ತುದಿ ದುಂಡು, ಉದ್ದ ಸುಮಾರು 90 ಮೈಕ್ರಾನ್. ಡಯಾಟಂ ಎಂಬುದರಲ್ಲಿ ಸಂಶಯವಿಲ್ಲ. ಆ ಬಣ್ಣ, ಗಾಜಿನಂತೆ ಗಡುಸಾದ ಆ ಅಂಚು ಸಾಕು. ಪ್ರಭೇದ ಹೇಳಬೇಕಾದರೆ ಆಸಿಡ್ಡಿನಲ್ಲಿ ಜೀವರಸ ಸುಟ್ಟು, ಉಳಿದ ಸಿಲಿಕಾ ಚಿಪ್ಪಿನ ಮೇಲೆ 10 ಮೈಕ್ರಾನಿಗೆ ಎಷ್ಟು ಗೀರುಗಳಿವೆ ಎಂದು ಎಣಿಸಬೇಕು. 1950ರ ದಶಕದ ಕೊನೆಯಲ್ಲಿ ಎಚ್.ಪಿ. ಗಾಂಧಿಯವರು ನಮ್ಮ ಸಾಗರದ, ಹಿರೇಭಾಸ್ಕರ ಅಣೆಕಟ್ಟಿನ ಆಸುಪಾಸಿನ, ಇತ್ತ ಕೊಲ್ಹಾಪುರದ ನೀರಿನ ಡಯಾಟಂಗಳನ್ನು ಹೀಗೆ ಒಂದೊಂದಾಗಿ ನೋಡಿ ದಾಖಲಿಸಿದ್ದರು. ನನ್ನ ಬಳಿ ಆಸಿಡ್ ಇಲ್ಲ, ಅಷ್ಟು ತೀಕ್ಷ್ಣ ಮಸೂರವೂ ಇಲ್ಲ. ಮಗಳ ನೋಟ್‌ಬುಕ್ಕಿನಲ್ಲಿ ಆ ದೋಣಿಯ ಕೆಳಗೆ "ಪಿನ್ನುಲೇರಿಯಾ?" ಎಂದು ಪೆನ್ಸಿಲಿನಲ್ಲಿ ಬರೆದಿದ್ದೇವೆ.