ಕಡಬದ ಜಗಲಿ ಕಂಡ ದಿನ

ನಾವು ಮೂವರು. ಒಬ್ಬ ಕಡಬದವ, ಒಬ್ಬಳು ಸುಳ್ಯದವಳು, ಒಬ್ಬ ಪುತ್ತೂರಿನವ. ಕಳೆದ ಮಳೆಗಾಲದಲ್ಲಿ ಕಡಬದ ಮನೆಯ ಅಡಿಕೆ ತೋಟದಲ್ಲಿ ಒಂದು ಮಳೆಮಾಪಕ ಇಟ್ಟು, ಅದರ ಲೆಕ್ಕ ಬರೆಯಲು ಮನೆಯೊಳಗೆ ಒಂದು ರಾಸ್ಪ್‌ಬೆರಿ ಪೈ ಇಟ್ಟಿದ್ದೆವು. ಪುತ್ತೂರಿನ ರೂಮಲ್ಲಿ ಕೂತು ಗ್ರಾಫ್ ನೋಡ್ಬೇಕು, ಮದ್ದು ಬಿಡುವ ದಿನ ನೋಡಿಕೊಳ್ಳುವ ಮಾವನಿಗೂ ಫೋನಲ್ಲಿ ಕಾಣ್ಬೇಕು. ನಮ್ಮ ಆಸೆ ಇಷ್ಟೇ.

ಪೈಯ ಅಡ್ರೆಸ್ 192.168.1.20. ಅದು ಮನೆಯೊಳಗಿನ ಅಡ್ರೆಸ್, ಹೊರಗಿನವರಿಗೆ ಅರ್ಥ ಆಗುವುದಿಲ್ಲ. ಹೊರಗೆ ಕಾಣುವುದು ರೂಟರಿನ ಒಂದೇ ಪಬ್ಲಿಕ್ ಅಡ್ರೆಸ್. ಮನೆಯ ಕನೆಕ್ಷನ್‌ಗೆ ಸ್ಟ್ಯಾಟಿಕ್ ಐಪಿ ಇತ್ತು, ಆದ್ದರಿಂದ ಆ ಅಡ್ರೆಸ್ ದಿನಾ ಬದಲಾಗುತ್ತಿರಲಿಲ್ಲ. ಇಲ್ಲಿ ಅದನ್ನು 203.0.113.10 ಅಂತ ಇಟ್ಟುಕೊಳ್ಳೋಣ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಪುಟಕ್ಕೆ ಹೋಗಿ, ಹೊರಗಿಂದ 80ನೇ ಪೋರ್ಟಿಗೆ ಬಂದದ್ದನ್ನು 192.168.1.20ಕ್ಕೆ ಕಳಿಸು ಅಂತ ಬರೆದೆವು. ಗ್ರಾಫ್ ಬಂತು. ಎರಡು ವಾರ ಚೆನ್ನಾಗಿ ನಡೆಯಿತು.

ಆಮೇಲೆ ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಬೆಳಿಗ್ಗೆ ಕರೆಂಟ್ ಬಂತು, ಗ್ರಾಫ್ ಬರಲಿಲ್ಲ. ಮನೆಯಲ್ಲಿದ್ದವನು ನೋಡಿದರೆ ಪೈಗೆ ಈಗ 192.168.1.23 ಅಂತ ಅಡ್ರೆಸ್ ಸಿಕ್ಕಿದೆ. ಅಲ್ಲಿಗೇ ಕಾರಣ ಗೊತ್ತಾಗಬೇಕಿತ್ತು. ಆದರೆ ನಾವು ಪೋರ್ಟ್ ಫಾರ್ವರ್ಡಿಂಗನ್ನೇ ದೂರಿದೆವು. ಪಕ್ಕದ ಮೆನುವಿನಲ್ಲಿ DMZ Host ಅಂತ ಒಂದು ಬಾಕ್ಸ್ ಇತ್ತು. ಪೋರ್ಟ್ ರೂಲನ್ನು ಅಳಿಸಿ, ಬಾಕ್ಸಿನಲ್ಲಿ 192.168.1.23 ಹಾಕಿ ಸೇವ್ ಕೊಟ್ಟೆವು. ತಕ್ಷಣ ಸರಿಯಾಯಿತು. ಡಿಎಂಝೆಡ್ ಅಂದರೆ ಏನೋ ಸುರಕ್ಷಿತವಾದದ್ದೇ ಇರಬೇಕು ಅಂದುಕೊಂಡು ಮಲಗಿದೆವು.

ಇನ್ನೊಂದು ಸಲ ಕರೆಂಟ್ ಹೋಗಿ ಬಂದ ಮೇಲೆ ಪುತ್ತೂರಿನಿಂದ ಅದೇ ಅಡ್ರೆಸ್ ತೆರೆದೆವು. ಗ್ರಾಫ್ ಬದಲು ಒಂದು ಕ್ಯಾಮೆರಾ ಡಿವಿಆರ್‌ನ ಲಾಗಿನ್ ಪುಟ ಬಂತು. ಕಡಬದವ ತಮಾಷೆಗೆ ಡಿವಿಆರ್ ತಂದಾಗಿನ ಪಾಸ್‌ವರ್ಡನ್ನೇ ಹಾಕಿದ. ಸ್ಕ್ರೀನ್ ಮೇಲೆ ಅವನದೇ ಮನೆಯ ಜಗಲಿ. ಅಜ್ಜಿ ಕೂತು ಹೂ ಕಟ್ಟುತ್ತಿದ್ದಾರೆ. ನಾವು ಮೂವರೂ ಮಾತಾಡಲಿಲ್ಲ. ನಮಗೆ ಕಂಡದ್ದು ಯಾರಿಗೆ ಬೇಕಾದರೂ ಕಾಣಬಹುದಿತ್ತು, ಮತ್ತೆ ಆ ಬಾಗಿಲು ತೆರೆದದ್ದು ನಾವೇ.

ಕೂಡಲೇ ಮನೆಗೆ ಫೋನ್ ಮಾಡಿ ರೂಟರ್ ಆಫ್ ಮಾಡಿಸಿದೆವು. ಭಾನುವಾರ ಸುಳ್ಯಕ್ಕೆ ಹೋದೆವು. ಅಲ್ಲಿ ನಮ್ಮ ಗೆಳತಿಯ ದೊಡ್ಡಪ್ಪನ ಮಗ ಒಂದು ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುತ್ತಾರೆ. ಕಥೆ ಪೂರ್ತಿ ಕೇಳಿ ಅವರು ಹೇಳಿದ್ದು, "ನಿಮ್ಮ ಮೊದಲಿನ ರೂಲ್ ಸರಿಯೇ ಇತ್ತು ಮಾರಾಯ್ರೆ. ಅಡ್ರೆಸ್ ಬದಲಾದದ್ದನ್ನು ನೀವು ನೋಡ್ಲಿಲ್ಲ, ಅಷ್ಟೇ."

ಮನೆಯ ರೂಟರ್ ಕರೆಂಟ್ ಹೋದಾಗ ಯಾರಿಗೆ ಯಾವ ಅಡ್ರೆಸ್ ಕೊಟ್ಟಿದ್ದೆ ಎಂಬ ಲೆಕ್ಕ ಮರೆತುಬಿಡುತ್ತಿತ್ತು. ಮೊದಲು ಕೇಳಿದವರಿಗೆ ಮೊದಲು ಅನ್ನುವ ಹಾಗೆ ಹೊಸದಾಗಿ ಹಂಚುತ್ತಿತ್ತು. ಮೊದಲ ಸಲ ಪೈ .20 ಕಳಕೊಂಡಿತು. ಎರಡನೇ ಸಲ .23 ಹೋಗಿ ಡಿವಿಆರ್‌ಗೆ ಸಿಕ್ಕಿತು. ಡಿಎಂಝೆಡ್ ಬಾಕ್ಸಿಗೆ ಯಂತ್ರ ಯಾವುದು ಅಂತ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ನಂಬರ್ ಮಾತ್ರ.

ಅಣ್ಣ ಪೇಪರ್ ಮೇಲೆ ಎರಡು ಸಾಲು ಬರೆದು ತೋರಿಸಿದರು. ಲಿನಕ್ಸ್ ರೂಟರಿನಲ್ಲಿ ನಮ್ಮ ಎರಡು ಮೆನುಗಳೂ ಹೆಚ್ಚುಕಡಿಮೆ ಹೀಗೆ ಆಗುತ್ತವೆ:

```
iptables -t nat -A PREROUTING -i wan -p tcp --dport 80 -j DNAT --to-destination 192.168.1.20
iptables -t nat -A PREROUTING -i wan -j DNAT --to-destination 192.168.1.20
```

ಮೊದಲನೆಯದು ಪೋರ್ಟ್ ಫಾರ್ವರ್ಡಿಂಗ್. ಎರಡನೆಯದು ಡಿಎಂಝೆಡ್ ಹೋಸ್ಟ್. ಎರಡನೇ ಸಾಲಿನಲ್ಲಿ ಇಲ್ಲದ್ದು ಏನು ಅಂತ ನೋಡಿ: -p tcp --dport 80. ಅಷ್ಟೇ ವ್ಯತ್ಯಾಸ. ಬೇರೆ ಯಾವ ರೂಲಿಗೂ ಸೇರದೆ ಹೊರಗಿಂದ ಬಂದದ್ದೆಲ್ಲ ಆ ಒಂದು ಅಡ್ರೆಸ್‌ಗೆ ಹೋಗುತ್ತದೆ. ನಮ್ಮ ಪೈಯಲ್ಲಿ 80ರ ಜೊತೆ 22ರಲ್ಲಿ ಎಸ್‌ಎಸ್‌ಎಚ್ ಇತ್ತು, 3306ರಲ್ಲಿ ಡೇಟಾಬೇಸ್ ಇತ್ತು. ಲ್ಯಾಪ್‌ಟಾಪಿನಿಂದ ನೋಡಲು ಸುಲಭ ಅಂತ ಡೇಟಾಬೇಸನ್ನು ಎಲ್ಲ ಅಡ್ರೆಸ್‌ಗಳಿಗೂ ಉತ್ತರಿಸುವ ಹಾಗೆ ನಾವೇ ಬದಲಾಯಿಸಿದ್ದೆವು. ಪೋರ್ಟ್ ಫಾರ್ವರ್ಡಿಂಗ್ ಇದ್ದಷ್ಟು ದಿನ ಆ ತಪ್ಪು ಮನೆಯೊಳಗೇ ಉಳಿದಿತ್ತು. ಡಿಎಂಝೆಡ್ ಹಾಕಿದ ಕ್ಷಣ ಊರಿಗೆಲ್ಲ ತೆರೆಯಿತು. ಆಮೇಲೆ ಪೈಯ ಲಾಗ್ ತೆಗೆದರೆ root, admin, pi ಅಂತ ಯಾರ್ಯಾರೋ ಎಸ್‌ಎಸ್‌ಎಚ್ ಬಾಗಿಲು ತಟ್ಟಿದ ಸಾಲುಗಳು ಪುಟಗಟ್ಟಲೆ ಇದ್ದವು.

ಇನ್ನೂ ಒಂದು ವಿಷಯ ಆ ಹೆಸರಿನೊಳಗೇ ಅಡಗಿದೆ. ನಿಜವಾದ ಡಿಎಂಝೆಡ್ ಅಂದರೆ ಬೇರೆಯೇ ಒಂದು ನೆಟ್‌ವರ್ಕ್. ಸರ್ವರ್ ಅಲ್ಲಿರುತ್ತದೆ, ಅದಕ್ಕೂ ಒಳಗಿನ ನೆಟ್‌ವರ್ಕಿಗೂ ನಡುವೆ ಫೈರ್‌ವಾಲ್ ಇರುತ್ತದೆ. ಸರ್ವರ್ ಕಳ್ಳನ ಕೈಗೆ ಹೋದರೂ ಅಲ್ಲಿಂದ ಒಳಗೆ ಬರುವ ದಾರಿಗೆ ತಡೆ ಇರುತ್ತದೆ. ಮನೆಯ ರೂಟರಿನ DMZ Host ಸಾಮಾನ್ಯವಾಗಿ ಹಾಗಲ್ಲ. ಆ ಯಂತ್ರ ಅದೇ 192.168.1 ಗುಂಪಿನಲ್ಲೇ ಕೂತಿರುತ್ತದೆ. ಪೈಯೊಳಗೆ ಯಾರಾದರೂ ಹೊಕ್ಕಿದ್ದರೆ ಅಲ್ಲಿಂದ ಡಿವಿಆರ್‌ಗೆ, ಮಾವನ ಕಂಪ್ಯೂಟರಿಗೆ ನೇರ ದಾರಿ ಇತ್ತು.

ಹಾಗಾದರೆ ಒನ್-ಟು-ಒನ್ ಸ್ಟ್ಯಾಟಿಕ್ ನ್ಯಾಟ್? ನಾವು ಸ್ಟ್ಯಾಟಿಕ್ ಐಪಿ ಇದೆಯಲ್ಲ, ಅದೇ ಇದು ಅಂತ ತಿಳಿದಿದ್ದೆವು. ಅದಲ್ಲ. ಸುಳ್ಯದ ಆಫೀಸಿನಲ್ಲಿ 8 ಅಡ್ರೆಸ್‌ಗಳ ಒಂದು ಬ್ಲಾಕ್ ಉಂಟು. ಅದರಲ್ಲಿ ಒಂದನ್ನು ಪೂರ್ತಿಯಾಗಿ ಮೇಲ್ ಸರ್ವರಿಗೆ ಬಿಟ್ಟುಕೊಟ್ಟಿದ್ದಾರೆ. ಒಳಗೆ ಬರುವಾಗಲೂ ಅದೇ ಅಡ್ರೆಸ್, ಸರ್ವರ್ ಹೊರಗೆ ಮಾತಾಡುವಾಗಲೂ ಅದೇ. ಯಾವ ಅಡ್ರೆಸ್‌ನಿಂದ ಬಂದಿದೆ ಅಂತ ನೋಡಿಯೇ ಮೇಲ್ ಒಪ್ಪುವವರು ಇರುವುದರಿಂದ ಅಲ್ಲಿ ಇದು ಬೇಕಾಗುತ್ತದೆ. ಪೋರ್ಟ್ ಫಾರ್ವರ್ಡಿಂಗಿನಲ್ಲಿ ಹೊರಗೆ ಹೋಗುವಾಗ ಸರ್ವರೂ, ಆಫೀಸಿನ ಎಲ್ಲರ ಫೋನೂ ಒಂದೇ ಮುಖ ಹೊತ್ತಿರುತ್ತವೆ. ಕಡಬದ ಮನೆಗೆ ಇರುವುದೇ ಒಂದು ಅಡ್ರೆಸ್, ಅದನ್ನು ಪೈಗೆ ಮಾತ್ರ ಕೊಟ್ಟರೆ ಉಳಿದವರಿಗೆ ಏನು?

"ಆದ್ರೆ ಸ್ಟ್ಯಾಟಿಕ್ ನ್ಯಾಟ್ ಅಡ್ರೆಸ್ ಬದಲಾಯಿಸ್ತದೆ, ಕಾವಲು ಕಾಯುದಿಲ್ಲ," ಅಂದರು ಅಣ್ಣ. ಅಲ್ಲಿ ಎಲ್ಲ ಪೋರ್ಟೂ ಸರ್ವರಿಗೇ ನಕ್ಷೆಯಾಗಿರುತ್ತದೆ. ಯಾವುದು ಒಳಗೆ ಹೋಗಬಹುದು ಅನ್ನುವುದಕ್ಕೆ ಫೈರ್‌ವಾಲಿನಲ್ಲಿ ಬೇರೆ ರೂಲ್ ಬರೆಯಲೇಬೇಕು. ಅವರು ಮೇಲ್‌ಗೆ ಬೇಕಾದ ಪೋರ್ಟುಗಳನ್ನಷ್ಟೇ ಬಿಟ್ಟು ಉಳಿದದ್ದನ್ನು ತಡೆದಿದ್ದರು. ಆ ರೂಲ್ ಬರೆಯಲು ಮರೆತರೆ ಅದೂ ನಮ್ಮ ಡಿಎಂಝೆಡ್ ಬಾಕ್ಸಿನ ಹಾಗೇ.

ವಾಪಸ್ ಕಡಬಕ್ಕೆ ಹೋಗಿ ಡಿಎಂಝೆಡ್ ಆಫ್ ಮಾಡಿದೆವು. ಪೈಯ ಮ್ಯಾಕ್ ಅಡ್ರೆಸ್ ಹಾಕಿ ರೂಟರಿನಲ್ಲಿ .20 ಅದಕ್ಕೇ ಅಂತ ಕಾದಿರಿಸಿ, 80ನೇ ಪೋರ್ಟಿನ ರೂಲ್ ಮಾತ್ರ ಮತ್ತೆ ಬರೆದೆವು. ಡೇಟಾಬೇಸನ್ನು 127.0.0.1ಕ್ಕೆ ಕಟ್ಟಿದೆವು. ಪೈಯಲ್ಲಿ `ss -tln` ಕೊಟ್ಟು ನೋಡಿದರೆ 3306ರ ಎದುರು ಈಗ 0.0.0.0 ಇರಲಿಲ್ಲ. ಯಾರಾದರೂ ಒಳಗೆ ಏನಾದರೂ ಬಿಟ್ಟುಹೋಗಿರಬಹುದು ಅಂತ, ಪೈಯ ಕಾರ್ಡನ್ನು ಅದಕ್ಕೂ ಮೊದಲೇ ಅಳಿಸಿ ಹೊಸದಾಗಿ ಬರೆದಿದ್ದೆವು. ಡಿವಿಆರ್‌ನ ಪಾಸ್‌ವರ್ಡ್ ಬದಲಾಯಿಸಿದೆವು. ಕೊನೆಗೆ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಪರೀಕ್ಷೆ ಮಾಡಿದೆವು. ಒಳಗಿಂದಲೇ ನೋಡಿದರೆ ಹೊರಗಿನವರಿಗೆ ಏನು ಕಾಣುತ್ತದೆ ಅಂತ ಗೊತ್ತಾಗುವುದಿಲ್ಲ.

```
nmap -Pn -p- 203.0.113.10
```

ತೆರೆದಿದ್ದದ್ದು 80 ಒಂದೇ. ಅದರ ಹಿಂದೆ ನಮ್ಮದೇ ಪ್ರೋಗ್ರಾಮ್ ಇದೆ, ಅದರಲ್ಲಿ ತೂತಿದ್ದರೆ ಪೋರ್ಟ್ ಫಾರ್ವರ್ಡಿಂಗ್ ಕಾಪಾಡುವುದಿಲ್ಲ. ಪೈ ಈಗಲೂ ಡಿವಿಆರ್ ಇರುವ ನೆಟ್‌ವರ್ಕಿನಲ್ಲೇ ಇದೆ. ಅದನ್ನು ಬೇರೆ ಮಾಡುವುದು ಮುಂದಿನ ಕೆಲಸ.

ಅಜ್ಜಿಗೆ ನಡೆದದ್ದನ್ನು ಹೇಳಿದೆವು, ಹೇಳದೆ ಇರಲು ಆಗಲಿಲ್ಲ. ಅವರು ಕೇಳಿದ್ದು ಒಂದೇ, "ಈಗ ಮುಚ್ಚಿದ್ದೀರಲ್ಲ?" ಹೊರಗಿಂದ ನೋಡಿ ಬಂದಿದ್ದೇವೆ ಅಜ್ಜಿ, ಅಂದೆವು.