ಮಾವಿನ ಮರದ ಕೆಂಪು ಕಾವಲು

ಬೇಸಗೆ ರಜೆಲಿ ಪುಳ್ಯಕ್ಕೊ ಬಂದರೆ ಎನಗೆ ದಿನಕ್ಕೊಂದು ಕಥೆ ಹೇಳುವ ಕೆಲಸ. ಈ ಸರ್ತಿ ಎಂಗಳ ಜಾಲಕರೆಲಿಪ್ಪ ಕಾಟು ಮಾವಿನ ಮರದ ಮೇಲೆಯೇ ಒಂದು ಕಥೆ ಕಟ್ಟಿದೆ. ಎಂತಕೆ ಹೇಳಿರೆ, ಮರಲ್ಲಿಪ್ಪ ಕೆಂಪು ಎರುಗಿನ ಗೂಡಿಂಗೆ ಕಿಚ್ಚು ಕೊಡುವ ಹೇಳಿ ಮನೆಲಿ ಮಾತು ಸುರುವಾಗಿತ್ತು. ನಿಂಗಳ ಮಕ್ಕೊಗೂ ಅಕ್ಕು, ಕೇಳಿ.

ಒಂದು ಊರಿಲಿ ಒಂದು ಮುದಿ ಮಾವಿನ ಮರ. "ಎನಗೆ ಪ್ರಾಯ ಆತು, ಎನ್ನ ಕಾವಲೆ ಆರಿದ್ದವು?" ಹೇಳಿ ಬೇಜಾರು ಮಾಡಿಗೊಂಡತ್ತು. ಅಂಬಗ ಒಂದು ಕೆಂಪು ಎರುಗು ಹೇಳಿತ್ತು, "ಅಜ್ಜೀ, ಮನೆ ಕಟ್ಲೆ ರಜ್ಜ ಎಲೆ ಕೊಡು. ಎಂಗೊ ಕಾಯ್ತೆಯೊ."

ಎರುಗುಗೊ ಸಾಲಾಗಿ ನಿಂದು ಎರಡು ಎಲೆಯ ಕರೆ ಹಿಡುದು ಎಳದವು. ಎಲೆ ದೂರ ಇದ್ದಲ್ಲಿ ಒಂದರ ಸೊಂಟವ ಇನ್ನೊಂದು ಕಚ್ಚಿ ಹಿಡುದು ಸಂಕೋಲೆ ಆದವು. ಹೊಲಿವಲೆ ನೂಲು ಬೇಕನ್ನೆ? ದೊಡ್ಡ ಎರುಗಿನ ಹತ್ತರೆ ನೂಲಿಲ್ಲೆ, ಮರಿಹುಳುವಿನ ಬಾಯಿಲಿ ಇದ್ದು. ಮರಿಯ ಕಚ್ಚಿಗೊಂಡು ಈ ಎಲೆಂದ ಆ ಎಲೆಗೆ ಮುಟ್ಟಿಸಿ ಮುಟ್ಟಿಸಿ ಗೂಡು ಹೊಲುದವು. ಗೂಡಿಲಿ ಬೆಳಿ ಬಲೆಯ ಹಾಂಗೆ ಕಾಂಬದು ಅದುವೇ.

ಹಣ್ಣಪ್ಪಲಪ್ಪಗ ಒಂದು ನೆಳವು ಬಂತು. "ರಜ್ಜ ಕೂರ್ತೆ" ಹೇಳಿತ್ತು. ಅದು ಕೂದರೆ ಚೋಲಿಗೆ ಕುತ್ತಿ ಮೊಟ್ಟೆ ಮಡುಗುಗು, ಹಣ್ಣು ಹೆರ ಚೆಂದ ಕಂಡರೂ ಒಳ ಹುಳು. ಆದರೆ ಎರುಗುಗೊ ಹಣ್ಣಿನ ಮೇಲೆ ಓಡಿಗೊಂಡೇ ಇತ್ತಿದ್ದವು. ಅವರ ವಾಸನೆ ಬಂದದೇ, ನೆಳವು ಹಾರಿ ಹೋತು.

ಒಂದು ದಿನ ಯಜಮಾನ ಸೂಟೆ ಹಿಡ್ಕೊಂಡು ಬಂದ. ಅವನ ಕೂಸು ಎರಡು ಹಣ್ಣು ತಂದು ಎದುರೇ ಕೊರದತ್ತು. ಗೂಡು ಸುಟ್ಟ ಮರದ ಹಣ್ಣಿಲಿ ಬೆಳಿ ಹುಳುಗೊ ಲೊಚಪಚ. ಈ ಮರದ ಹಣ್ಣು ಸ್ವಚ್ಛ. ಯಜಮಾನ ಸೂಟೆ ನಂದಿಸಿದ.

ಇಷ್ಟಪ್ಪಗ ಎನ್ನ ಸಣ್ಣ ಪುಳ್ಳಿ ಕೇಳಿದ, "ಅಂಬಗ ಎರುಗಿಂದ ಎಲ್ಲದನ್ನೂ ಕಾವಲೆ ಎಡಿಗೋ ಅಜ್ಜೀ?" ಎಡಿಯ ಮಗಾ. ಕಾಂಡದ ಒಳ ಕೊರವ ಹುಳು ಅದಕ್ಕೆ ಸಿಕ್ಕುತ್ತಿಲ್ಲೆ. ಬುಡಲ್ಲಿ ಒಟ್ಟೆ ಕಂಡು ಮರದ ಹೊಡಿ ಉದುರಿದ್ದರೆ ನಾವೇ ನೋಡೆಕ್ಕು. ಮತ್ತೆ ಸೀವು ರಸದ ಆಸೆಗೆ, ಎಲೆಯಡಿಲಿಪ್ಪ ಬೆಳಿ ಹಿಟ್ಟಿನಾಂಗಿಪ್ಪ ಕೀಟವ ಈ ಎರುಗುಗೊ ದನ ಸಾಂಕಿದಾಂಗೆ ಸಾಂಕುತ್ತವು. ಆ ರಸ ಬಿದ್ದಲ್ಲಿ ಎಲೆ ಕಪ್ಪಾವುತ್ತು. ಹತ್ತರೆ ಹೋದರೆ ಕಚ್ಚಿ ಉರಿಯನ್ನೂ ಬರುಸುತ್ತವು. ಕಾವಲಿನವಕ್ಕೂ ಸಂಬಳ ಬೇಕನ್ನೆ!

ಎಂಗಳ ಮನೆಯವು ಜೆಗಿಲಿಲಿ ಕೂದು ಎಲ್ಲ ಕೇಳಿದವು. ಮರುದಿನ, ಹೋಪ ಬಪ್ಪ ದಾರಿಗೆ ನೇತುಗೊಂಡಿದ್ದ ಒಂದು ಸಣ್ಣ ಗೆಲ್ಲಿನ ಮಾಂತ್ರ ಉದ್ದ ಕೊಕ್ಕೆಲಿ ಎಳದು ಕಡುದವು. ಒಳುದ ಗೂಡುಗೊ ಹಾಂಗೇ ಇದ್ದು. ಹೆರ್ಕಿದ ಹಣ್ಣಿಲಿ ಸಾಸಮೆ ಮಾಡಿದೆ, ಹುಳು ನೋಡಿ ಇಡ್ಕುವ ಕೆಲಸ ಹೆಚ್ಚು ಬೈಂದಿಲ್ಲೆ.